ಸಂದೇಶದ ಕೊನೆಯ ಚುಕ್ಕಿ

1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಸ್ಕಾಟ್ ಫಾಲ್‌ಮನ್ ತಮ್ಮ ವಿಭಾಗದ ಗಣಕ ಸೂಚನಾಫಲಕದಲ್ಲಿ ಒಂದು ಸಲಹೆ ಬರೆದರು. ಒಬ್ಬರು ತಮಾಷೆಗೆ ಬರೆದದ್ದನ್ನು ಇನ್ನೊಬ್ಬರು ನಿಜವೆಂದು ಹಿಡಿದು ವಾದಕ್ಕೆ ನಿಲ್ಲುವುದು ಅಲ್ಲಿ ಮಾಮೂಲಾಗಿತ್ತು. ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ಹುಡುಗಾಟದ ಮಾತೊಂದು ಸುರಕ್ಷತೆಯ ಎಚ್ಚರಿಕೆ ಎಂದೇ ಕೆಲವರಿಗೆ ಕಂಡಿತ್ತು. ತಮಾಷೆಯ ಮಾತಿನ ಕೊನೆಗೆ :-) ಎಂದು ಹಾಕೋಣ, ತಲೆ ಪಕ್ಕಕ್ಕೆ ವಾಲಿಸಿ ಓದಿ ಎಂದರು ಫಾಲ್‌ಮನ್. ಅವರ ಸಲಹೆಯ ಎರಡನೆಯ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಈಗಿನ ರೀತಿ ನೋಡಿದರೆ ತಮಾಷೆಯಲ್ಲದ್ದಕ್ಕೇ ಗುರುತು ಹಾಕುವುದು ಮಿತವ್ಯಯ, ಅದಕ್ಕೆ :-( ಬಳಸೋಣ ಎಂದು ಅವರು ಸೇರಿಸಿದ್ದರು. ಅಂದರೆ ನಾವು ಇಂದು ದುಃಖದ ಮುಖವೆಂದು ಓದುವ ಗುರುತು ಹುಟ್ಟಿದಾಗ ದುಃಖವನ್ನು ಹೇಳುತ್ತಿರಲಿಲ್ಲ. 'ಈ ಮಾತನ್ನು ನಿಜವಾಗಿಯೇ ಹೇಳುತ್ತಿದ್ದೇನೆ' ಎಂದು ಹೇಳುತ್ತಿತ್ತು.

ಈ ಚಿಕ್ಕ ಸಂಗತಿಯಲ್ಲಿ ನನ್ನ ಇಡೀ ವಾದದ ಬೀಜವಿದೆ. ಸಂದೇಶದಲ್ಲಿ ಬರುವ ನಗುಮುಖವಾಗಲಿ ಆಶ್ಚರ್ಯಸೂಚಕವಾಗಲಿ ಬರೆದವರ ಮನಸ್ಸಿನ ಭಾವವನ್ನು ತೋರಿಸುತ್ತದೆ ಎಂದು ನಾವು ಸುಮ್ಮನೆ ನಂಬಿಕೊಂಡಿದ್ದೇವೆ. ಅದರ ಮುಖ್ಯ ಕೆಲಸ ಬೇರೆ. ಈ ಮಾತಿನಿಂದ ನಾನು ಏನು ಮಾಡುತ್ತಿದ್ದೇನೆ, ಕೇಳುತ್ತಿದ್ದೇನೋ, ಬೇಡುತ್ತಿದ್ದೇನೋ, ಛೇಡಿಸುತ್ತಿದ್ದೇನೋ, ಮಾತು ಮುಗಿಸುತ್ತಿದ್ದೇನೋ ಎಂಬುದನ್ನು ಅದು ತಿಳಿಸುತ್ತದೆ. ಎಲಿ ಡ್ರೆಸ್ನರ್ ಮತ್ತು ಸೂಸನ್ ಹೆರಿಂಗ್ ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಖಚಿತವಾಗಿ ವಾದಿಸಿದರು. 'ನಾಳೆಯೊಳಗೆ ಲೆಕ್ಕ ಕಳಿಸಿ 🙂' ಎಂದು ಮೇಲಧಿಕಾರಿ ಬರೆದರೆ ಅವರು ಆ ಗಳಿಗೆಯಲ್ಲಿ ನಗುತ್ತಿದ್ದಾರೆಂದು ಯಾರೂ ತಿಳಿಯುವುದಿಲ್ಲ. ಆಜ್ಞೆಯ ಮೊನೆ ಸ್ವಲ್ಪ ಮೊಂಡಾಗಿ ಅದು ಕೋರಿಕೆಯಾಯಿತು, ಅಷ್ಟೇ. ಇದನ್ನು ಒಪ್ಪಿದರೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬ ಪ್ರಶ್ನೆಗೂ ದಾರಿ ಸಿಗುತ್ತದೆ. ಉಳಿಯಬೇಕಾದದ್ದು ಮಾತು ಮಾಡುತ್ತಿದ್ದ ಕೆಲಸ. ಅದೇ ಚಿತ್ರ ಅಲ್ಲೇ ಉಳಿದರೂ ಕೆಲಸ ಕೆಡಬಹುದು, ಚಿತ್ರ ಹೋದರೂ ಕೆಲಸ ನಡೆಯಬಹುದು.

ಎಮೋಜಿಗಿಂತ ಮೊದಲು ಪೂರ್ಣವಿರಾಮವನ್ನು ನೋಡೋಣ, ಏಕೆಂದರೆ ಅದರಲ್ಲಿ ಚಿತ್ರದ ಗೊಂದಲವಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಕಿರುಸಂಭಾಷಣೆಗಳನ್ನು ಓದಲು ಕೊಟ್ಟರು. ಒಂದು ಆಹ್ವಾನ, ಅದಕ್ಕೆ ಒಂದೇ ಪದದ ಒಪ್ಪಿಗೆ. ಕೆಲವದರಲ್ಲಿ ಒಪ್ಪಿಗೆಯ ಮುಂದೆ ಚುಕ್ಕಿ ಇತ್ತು, ಕೆಲವದರಲ್ಲಿ ಇರಲಿಲ್ಲ. ಮೊಬೈಲ್ ಸಂದೇಶವಾಗಿ ಓದಿದಾಗ ಚುಕ್ಕಿಯಿದ್ದ ಉತ್ತರ ಅಷ್ಟು ಮನಃಪೂರ್ವಕವಲ್ಲ ಎಂದು ಓದುಗರು ಅಳೆದರು. ಅದೇ ಮಾತುಗಳನ್ನು ಕೈಬರಹದ ಚೀಟಿಯಾಗಿ ತೋರಿಸಿದಾಗ ಚುಕ್ಕಿಯಿಂದ ಏನೂ ವ್ಯತ್ಯಾಸವಾಗಲಿಲ್ಲ. ಕಾರಣ ಊಹಿಸಲು ಕಷ್ಟವಿಲ್ಲ. ಕಾಗದದಲ್ಲಿ ವಾಕ್ಯ ಮುಗಿಯಿತೆಂದು ತೋರಿಸಲು ಚುಕ್ಕಿ ಬೇಕು. ಸಂದೇಶದಲ್ಲಿ ಕಳಿಸುವ ಗುಂಡಿ ಒತ್ತಿದ್ದೇ ವಾಕ್ಯದ ಮುಕ್ತಾಯ. ಅಲ್ಲಿ ಚುಕ್ಕಿಗೆ ಮಾಡಲು ಕೆಲಸವಿಲ್ಲ. ಕೆಲಸವಿಲ್ಲದ ಗುರುತನ್ನು ಯಾರಾದರೂ ಬೇಕೆಂದೇ ಹಾಕಿದ್ದಾರೆ ಎಂದರೆ ಓದುವವರು ಅದಕ್ಕೊಂದು ಅರ್ಥ ಹುಡುಕುತ್ತಾರೆ. ಜಪಾನಿನಲ್ಲಿ ಹಿರಿಯ ಸಹೋದ್ಯೋಗಿಗಳು ಸಂದೇಶದ ಕೊನೆಗೆ ಹಾಕುವ '。' ಎಂಬ ದುಂಡು ವಿರಾಮ ತಮ್ಮನ್ನು ಗದರಿಸಿದಂತಿದೆ ಎಂದು ಕಿರಿಯರು ದೂರಿದ್ದು 2024ರಲ್ಲಿ ಅಲ್ಲಿನ ಪತ್ರಿಕೆಗಳಲ್ಲೇ ದೊಡ್ಡ ಚರ್ಚೆಯಾಯಿತು. ಆ ಕಿರುಕುಳಕ್ಕೆ 'ಮರುಹರ' ಎಂಬ ಹೆಸರೂ ಹುಟ್ಟಿತು. ಹಿರಿಯರು ಗದರಿಸಿರಲಿಲ್ಲ, ಶಾಲೆಯಲ್ಲಿ ಕಲಿತಂತೆ ಬರೆದಿದ್ದರು.

ಕನ್ನಡದಲ್ಲಿ ಈ ಹೆಚ್ಚುವರಿತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಅದು ಬಂದರೆ ಮಾತು ಮುಗಿಯಿತೆಂದೇ ಅರ್ಥ. ಪ್ರಶ್ನೆಯೂ ಪದದೊಳಗೇ ಇರುತ್ತದೆ. 'ಬರ್ತೀಯಾ' ಎಂಬುದಕ್ಕೆ ಪ್ರಶ್ನಾರ್ಥಕ ಬೇಕಿಲ್ಲ, ಕೊನೆಯ ದೀರ್ಘವೇ ಕೇಳುತ್ತದೆ. ದಂಡವೊಂದನ್ನು ಬಿಟ್ಟರೆ ಓಲೆಗರಿಯ ಬರಹ ಇಂದಿನ ಲೇಖನ ಚಿಹ್ನೆಗಳಿಲ್ಲದೆಯೇ ಸಾಗಿತ್ತು. ಅವು ಅಚ್ಚಿನೊಂದಿಗೆ ಇಂಗ್ಲಿಷಿನ ಮಾದರಿಯಲ್ಲಿ ನಮಗೆ ಬಂದವು, ಶಾಲೆಯ ವ್ಯಾಕರಣ ಅವನ್ನು ಕಡ್ಡಾಯ ಮಾಡಿತು. ಹಾಗಾಗಿ ಕನ್ನಡದ ಚುಟುಕು ಸಂದೇಶದಲ್ಲಿ ಚಿಹ್ನೆ ಹೆಚ್ಚುಕಡಿಮೆ ಯಾವಾಗಲೂ ಹೆಚ್ಚುವರಿಯೇ, ಹೆಚ್ಚುವರಿಯಾದ್ದರಿಂದಲೇ ಅದಕ್ಕೆ ದನಿ. 'ಬಂದ್ಯಾ' ಎಂದರೆ ವಿಚಾರಣೆ. 'ಬಂದ್ಯಾ??' ಎಂದರೆ ಕಾದು ಸಾಕಾಗಿದೆ. 'ಸರಿ' ಎಂದರೆ ಸರಿ. 'ಸರಿ.' ಎಂದರೆ ಇನ್ನು ಈ ವಿಷಯ ಎತ್ತಬೇಡ. 'ನೋಡೋಣ...' ಎಂಬಲ್ಲಿನ ಮೂರು ಚುಕ್ಕಿ ಅರವತ್ತು ದಾಟಿದವರ ಕೈಯಲ್ಲಿ ಬರೀ ಉಸಿರು ತೆಗೆದುಕೊಳ್ಳುವ ಬಿಡುವು, ಇಪ್ಪತ್ತರ ಕಣ್ಣಿಗೆ ಅದೇ ಅಸಮಾಧಾನ. ಮನೆಯೊಳಗೇ ಹೀಗಾದರೆ ಭಾಷೆ ದಾಟುವಾಗಿನ ಪಾಡು ಊಹಿಸಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಕನ್ನಡದಲ್ಲಿ ದನಿಗೆ ಬೇಕಾದ ಸಾಮಗ್ರಿ ಭಾಷೆಯೊಳಗೇ ಇದೆಯಲ್ಲ, ಸರಿ ಕಣೋ, ಸರಿ ಕಣೇ, ಸರಿ ಬಿಡು, ಸರಿ ಮಾರಾಯ್ರೆ, ಆಯ್ತ್ರೀ, ಆಯ್ತು ಸರ್, ಇಷ್ಟೆಲ್ಲ ಇರುವಾಗ ಜಪಾನಿನ ಚಿತ್ರ ನಮಗೇಕೆ? ಸಾಮಗ್ರಿ ಇದೆ, ಒಪ್ಪಿದೆ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಹೆಚ್ಚಿನವು ದನಿಯ ಜೊತೆಗೆ ಸಂಬಂಧವನ್ನೂ ಹೇಳಿಬಿಡುತ್ತವೆ. 'ಕಣೋ' ಎಂದ ಕೂಡಲೇ ಎದುರಿನವನು ಗಂಡಸು, ಸಮವಯಸ್ಕ ಅಥವಾ ಕಿರಿಯ, ಸಲುಗೆಯವನು ಎಂದಾಯಿತು. 'ರೀ' ಎಂದರೆ ಒಂದು ಅಂತರ, 'ಸರ್' ಎಂದರೆ ಇನ್ನೊಂದು. ಸಂಬಂಧ ಗೊತ್ತಿಲ್ಲದ, ಗೊತ್ತಿದ್ದರೂ ಹೇಳಲು ಇಷ್ಟವಿಲ್ಲದ ಕಡೆ ಈ ಯಾವುದನ್ನೂ ಬಳಸಲಾಗದು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮುಖವೇ ನೋಡದ ಮೂರನೇ ಮಹಡಿಯವರಿಗೆ ಉತ್ತರಿಸುವಾಗ 'ಸರಿ 👍' ಎಂಬುದು ಸೌಜನ್ಯವನ್ನು ಕೊಟ್ಟು ಏಕವಚನ ಬಹುವಚನದ ಲೆಕ್ಕಾಚಾರದಿಂದ ಪಾರು ಮಾಡುತ್ತದೆ. ಇದು ನಮ್ಮ ಭಾಷೆಗೆ ಹಿಂದೆ ಇಲ್ಲದಿದ್ದ ಅನುಕೂಲ. ಹಾಗೆಯೇ ಗ್ರಾಂಥಿಕ ಕನ್ನಡದಲ್ಲಿ ಬರೆಯುವ ಕಚೇರಿ, ಬ್ಯಾಂಕು, ಶಾಲೆಗಳಿಗೆ 'ಕಣ್ರೀ', 'ಬಿಡಿ' ಎಂಬ ಬಾಲಗಳನ್ನು ಬಳಸುವ ಸ್ವಾತಂತ್ರ್ಯವೇ ಇಲ್ಲ. ಅಲ್ಲಿ ದನಿ ಇರುವುದು ಚಿಹ್ನೆಯಲ್ಲಿ, ಇಲ್ಲವೆಂದರೆ ಕ್ರಿಯಾಪದದ ರೂಪದಲ್ಲಿ.

ಎದುರು ದಿಕ್ಕಿನ ಆಕ್ಷೇಪವೂ ಇದೆ: ಎಮೋಜಿ ಎಲ್ಲರಿಗೂ ಅರ್ಥವಾಗುವ ವಿಶ್ವಭಾಷೆ, ಪದಗಳನ್ನು ಅನುವಾದಿಸಿ ಚಿತ್ರವನ್ನು ಇದ್ದಂತೆ ಬಿಟ್ಟರಾಯಿತು. ಆದರೆ 1999ರಲ್ಲಿ ಶಿಗೆತಾಕಾ ಕುರಿತಾ ಜಪಾನಿನ ಡೊಕೊಮೊ ಕಂಪನಿಗೆ ಮಾಡಿಕೊಟ್ಟ 176 ಚಿತ್ರಗಳು ಒಂದು ದೇಶದ ಮೊಬೈಲ್ ಬಳಕೆದಾರರಿಗೆಂದು ಆದವು. ಎಮೋಜಿಗಳು ಯೂನಿಕೋಡ್ ಸೇರಿದ್ದು 2010ರಲ್ಲಿ. ಸೇರಿದಾಗ ಸಿಕ್ಕಿದ್ದು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಮತ್ತು ಒಂದು ಹೆಸರು. ಅರ್ಥವನ್ನು ಯಾರೂ ನಿಗದಿ ಮಾಡಲಿಲ್ಲ, ಚಿತ್ರ ಬಿಡಿಸುವುದನ್ನೂ ಆಯಾ ಕಂಪನಿಗೆ ಬಿಟ್ಟರು. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಹಲ್ಲು ಕಿರಿದು ಕಣ್ಣಲ್ಲೂ ನಗುವ ಮುಖವೊಂದು ಗೂಗಲ್ ಫೋನಿನಲ್ಲಿ ಸಂತೋಷವಾಗಿ, ಅಂದಿನ ಆಪಲ್ ಫೋನಿನಲ್ಲಿ ಹಲ್ಲುಕಚ್ಚಿದ ಸಿಟ್ಟಿನಂತೆ ಓದಿಸಿಕೊಂಡಿತು. ಒಂದೇ ಚಿತ್ರವನ್ನು ನೋಡಿದವರೂ ಅದು ಒಳ್ಳೆಯ ಭಾವವೋ ಕೆಟ್ಟದ್ದೋ ಎರಡೂ ಅಲ್ಲದ್ದೋ ಎಂಬುದರಲ್ಲಿ ನಾಲ್ಕರಲ್ಲಿ ಒಂದು ಸಲ ಭಿನ್ನವಾದರು. ಚೀನಾದ ಯುವಜನರಿಗೆ 🙂 ಎಂಬ ಮೆಲುನಗು ವ್ಯಂಗ್ಯ, ಮಾತು ಸಾಕೆಂಬ ತಿರಸ್ಕಾರ. ಅವರ ತಂದೆ ತಾಯಿಗೆ ಅದು ಬರೀ ನಗು. ಜಪಾನಿನಲ್ಲಿ ಕೃತಜ್ಞತೆ ಹೇಳಲು, ಕ್ಷಮೆ ಕೇಳಲು ಬಳಸುವ 🙏 ನಮ್ಮಲ್ಲಿ ನಮಸ್ಕಾರ. ಬೆಳಗಿನ ಶುಭಾಶಯಕ್ಕೂ ಅದೇ, ಚಂದಾ ಕೇಳುವುದಕ್ಕೂ ಅದೇ, ಸಾವಿನ ಸುದ್ದಿಯ ಕೆಳಗೂ ಅದೇ. ಹೀಗೆ ಒಂದೇ ಭಾಷೆಯೊಳಗೆ ಮೂರು ಕೆಲಸ ಮಾಡುವ ಗುರುತು ಬೇರೆ ಭಾಷೆಗೆ ಹೋದಾಗ ಈ ಮೂರರಲ್ಲಿ ಯಾವುದನ್ನು ಹೇಳುತ್ತಿದೆ ಎಂಬುದು ಸುತ್ತಲಿನ ಪದಗಳಿಂದಲೇ ಗೊತ್ತಾಗಬೇಕು. ಇನ್ನು ರಷ್ಯನ್ನರು ಕಣ್ಣು ಮೂಗು ಕೈಬಿಟ್ಟು ಬರೀ ')))' ಎಂದು ನಗುತ್ತಾರೆ. ಥಾಯ್ ಜನ '555' ಎಂದು ಬರೆದು ನಗುತ್ತಾರೆ, ಅವರ ಭಾಷೆಯಲ್ಲಿ ಐದು ಎಂದರೆ 'ಹಾ'. ಅನುವಾದಿಸುವ ತಂತ್ರಾಂಶ ಇವನ್ನು ಬಿಟ್ಟುಹೋದ ಆವರಣ ಚಿಹ್ನೆ ಎಂದೋ ಮೊತ್ತ ಎಂದೋ ತಿಳಿದರೆ ನಗು ಹೋಗಿ ಲೆಕ್ಕ ಉಳಿಯುತ್ತದೆ.

ಒಂದು ಸಂದೇಶವನ್ನೇ ಹಿಡಿದು ನೋಡೋಣ. ಹಣ ಪಾವತಿಯ ಆ್ಯಪುಗಳು ಇಂಗ್ಲಿಷಿನಲ್ಲಿ ಕಳಿಸುವ ಬಗೆಯದು. ಮೊದಲು 'ಊಪ್ಸ್!' ಎಂಬ ಉದ್ಗಾರ, ಆಮೇಲೆ ಪಾವತಿ ಆಗಲಿಲ್ಲ ಎಂಬ ಮಾತು, ಒಂದು 😕, ಕೊನೆಗೆ 'ಮತ್ತೊಮ್ಮೆ ಪ್ರಯತ್ನ?' ಎಂಬ ಎರಡು ಪದದ ಪ್ರಶ್ನೆ. ಇದನ್ನು ಚಿಹ್ನೆಗೆ ಚಿಹ್ನೆ ಇಟ್ಟು ಕನ್ನಡಿಸಿದರೆ ಹೀಗಾಗುತ್ತದೆ: 'ಅಯ್ಯೋ! ನಿಮ್ಮ ಪಾವತಿಯನ್ನು ಪ್ರಕ್ರಿಯೆಗೊಳಿಸಲು ನಮಗೆ ಸಾಧ್ಯವಾಗಲಿಲ್ಲ 😕 ಮತ್ತೆ ಪ್ರಯತ್ನಿಸುವುದೇ?' ಒಂದು ಗುರುತೂ ಕಳೆದಿಲ್ಲ, ದನಿ ಮಾತ್ರ ಪೂರ್ತಿ ಕೆಟ್ಟಿದೆ. ಇಂಗ್ಲಿಷಿನ ಆ ಉದ್ಗಾರ ಕೈಯಿಂದ ಚಮಚ ಬಿದ್ದಾಗ ಬರುವಷ್ಟು ಹಗುರ. 'ಅಯ್ಯೋ!' ಎಂಬುದು, ಅದರಲ್ಲೂ ಹಣದ ವಿಷಯದಲ್ಲಿ, ಎದೆ ಧಸಕ್ಕೆನ್ನಿಸುವ ಮಾತು. ಹಣ ಹೋಯಿತೇ ಎಂದು ಓದುವವರು ಗಾಬರಿಯಾಗುತ್ತಾರೆ. 'ಪ್ರಯತ್ನಿಸುವುದೇ?' ಎಂಬ ಪ್ರಶ್ನೆ ಯಾರನ್ನು ಕೇಳುತ್ತಿದೆ ಎಂದೇ ತಿಳಿಯದು. ಮೂಲದ ಪ್ರಶ್ನಾರ್ಥಕ ನಿಜವಾಗಿ ಪ್ರಶ್ನೆ ಕೇಳುತ್ತಿರಲಿಲ್ಲ, ಸೂಚನೆಯನ್ನು ಮೆದುವಾಗಿಸುತ್ತಿತ್ತು. ಕನ್ನಡದಲ್ಲಿ ಆ ಕೆಲಸಕ್ಕೆ ನಮ್ಮ ಬಳಿ 'ನೋಡಿ' ಇದೆ. 'ಹಣ ಪಾವತಿಯಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ ನೋಡಿ.' ಉದ್ಗಾರ ಹೋಯಿತು, ಮುಖ ಹೋಯಿತು, ಪ್ರಶ್ನಾರ್ಥಕ ಹೋಯಿತು. ಮೃದುತ್ವ ಉಳಿಯಿತು. ಜೊತೆಗೆ 'ನಿಮ್ಮ ಖಾತೆಯಿಂದ ಹಣ ಕಡಿತವಾಗಿಲ್ಲ' ಎಂಬ ಒಂದು ವಾಕ್ಯವನ್ನು, ಅದು ನಿಜವಿದ್ದರೆ, ಸೇರಿಸಬಹುದಾದರೆ ಇನ್ನೂ ಒಳ್ಳೆಯದು. 😕 ಕೊಡಲು ನೋಡಿದ ಸಮಾಧಾನಕ್ಕಿಂತ ಗಟ್ಟಿಯಾದ ಸಮಾಧಾನ ಅದು. ಗುರುತುಗಳನ್ನು ಎಣಿಸಿ ಸರಿಹೊಂದಿಸುವ ತಪಾಸಣೆಯಲ್ಲಿ ಈ ಅನುವಾದ ಫೇಲಾಗುತ್ತದೆ ಎಂಬುದನ್ನೂ ಹೇಳಬೇಕು. ಮೂಲದಲ್ಲಿ ಎಷ್ಟು ಚಿಹ್ನೆಯಿತ್ತೋ ಅನುವಾದದಲ್ಲೂ ಅಷ್ಟೇ ಇರಬೇಕೆಂಬ ಸ್ವಯಂಚಾಲಿತ ಪರೀಕ್ಷೆಗಳು ಈ ಕ್ಷೇತ್ರದಲ್ಲಿ ಬಳಕೆಯಲ್ಲಿವೆ. ಖಾಲಿ ಬಿಟ್ಟ ಜಾಗಗಳಿಗೆ, ಅಂಕಿಗಳಿಗೆ ಅವು ಒಳ್ಳೆಯವು. ಆಶ್ಚರ್ಯಸೂಚಕಕ್ಕೆ ಅವನ್ನು ಹಚ್ಚಬಾರದು.

ಇಷ್ಟು ಹೇಳಿದ್ದು ಮನುಷ್ಯರು ಯೋಚಿಸಿ ಬಿಡುವ ಗುರುತುಗಳ ಬಗ್ಗೆ. ಯಾರೂ ಯೋಚಿಸದೆ ಯಂತ್ರದೊಳಗೆ ಕಳೆದುಹೋಗುವ ಗುರುತುಗಳ ಕಥೆ ಬೇರೆ, ಅಲ್ಲಿ ನನ್ನ ನಿಲುವು ಪೂರ್ತಿ ತಿರುಗುತ್ತದೆ. ಸಾಗಿಸುವವರು ಒಂದು ಅಕ್ಷರವನ್ನೂ ಮುಟ್ಟಬಾರದು. ಒಂದು ಹಳೆಯ ದೋಷ ಕನ್ನಡಿಗರಿಗೆ ವಿಶೇಷವಾಗಿ ಮೋಸ ಮಾಡುವಂಥದ್ದು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ `utf8` ಎಂಬ ಹೆಸರಿನ ವ್ಯವಸ್ಥೆ ಒಂದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್ ಕೊಡುತ್ತಿತ್ತು. ಕನ್ನಡದ ಪ್ರತಿ ಸಂಕೇತಕ್ಕೆ ಬೇಕಾದದ್ದು ಸರಿಯಾಗಿ 3. ಮುಖಗಳಿಗೆ ಬೇಕಾದದ್ದು 4. ಹಾಗಾಗಿ ಕನ್ನಡ ಹಾಕಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಪರೀಕ್ಷೆ ಮುಗಿಯುತ್ತದೆ. ಆಮೇಲೆ ಯಾರೋ ಬರೆಯುತ್ತಾರೆ: 'ನಿಮ್ಮನೆ ಮದುವೆಗೆ ನಾನು ಬರಲ್ಲಪ್ಪ 😂 ಮೂರು ದಿನ ಮೊದಲೇ ಬಂದು ಕೂತಿರ್ತೀನಿ'. ಕಟ್ಟುನಿಟ್ಟಿನ ತಪಾಸಣೆ ಇಲ್ಲದ ಹಳೆಯ ಜೋಡಣೆಯಲ್ಲಿ ದತ್ತಸಂಚಯ ಆ 4 ಬೈಟಿನ ಗುರುತು ಬಂದಲ್ಲಿಗೆ ವಾಕ್ಯವನ್ನು ಕತ್ತರಿಸಿಬಿಡುತ್ತದೆ. ಆಚೆ ತುದಿಗೆ ತಲುಪುವುದು 'ನಿಮ್ಮನೆ ಮದುವೆಗೆ ನಾನು ಬರಲ್ಲಪ್ಪ' ಮಾತ್ರ. ವ್ಯಾಕರಣ ಶುದ್ಧ, ವಾಕ್ಯ ಸಂಪೂರ್ಣ, ಏನಾದರೂ ಕಳೆದಿದೆ ಎಂಬ ಸುಳಿವೇ ಇಲ್ಲ. ಇದಕ್ಕೆ `utf8mb4` ಎಂಬ 4 ಬೈಟಿನ ವ್ಯವಸ್ಥೆ ಬಂದು ವರ್ಷಗಳಾದವು. ಹಳೆಯ ಕೋಷ್ಟಕಗಳು ತಾವಾಗಿಯೇ ಬದಲಾಗುವುದಿಲ್ಲ. ಪತ್ತೆಮಾಡುವ ದಾರಿ ಸುಲಭ: ಕೊನೆಯಲ್ಲಿ ಎಮೋಜಿಯಿರುವ ಸಂದೇಶದಿಂದ ಪರೀಕ್ಷಿಸಬೇಡಿ, ಎಮೋಜಿಯ ನಂತರವೂ ಮಾತು ಮುಂದುವರಿಯುವ ಸಂದೇಶ ಕಳಿಸಿ ಮರಳಿ ಓದಿ ನೋಡಿ.

ಇನ್ನೊಂದು ದೋಷ ಕಣ್ಣಿಗೆ ಕಾಣದ ಅಕ್ಷರದ್ದು. ಎರಡು ಚಿತ್ರಗಳನ್ನು ಬೆಸೆದು ಒಂದು ಮಾಡಲು ಯೂನಿಕೋಡ್ U+200D ಎಂಬ ಅದೃಶ್ಯ ಕೊಂಡಿಯನ್ನು ಬಳಸುತ್ತದೆ. ಹೆಂಗಸಿನ ಚಿತ್ರ, ಕೊಂಡಿ, ತೆನೆಯ ಚಿತ್ರ, ಮೂರೂ ಸೇರಿ ರೈತ ಮಹಿಳೆ. ಇದೇ ಕೊಂಡಿ ಕನ್ನಡ ಲಿಪಿಯಲ್ಲೂ ದುಡಿಯುತ್ತದೆ. ರಕಾರ ಅರ್ಕಾವತ್ತಾಗದೆ ಮುಂದೆಯೇ ನಿಂತು ಯಕಾರ ಒತ್ತಾಗಬೇಕಾದ 'ರ‍್ಯಾಂಕ್', 'ರ‍್ಯಾಲಿ' ಇಂಥ ಪದಗಳನ್ನು ಅದರಿಂದಲೇ ಬರೆಯುವುದು.

```
👩‍🌾   U+1F469 U+200D U+1F33E
ರ‍್ಯಾ   U+0CB0 U+200D U+0CCD U+0CAF U+0CBE
```

ಸಂದೇಶವನ್ನು 'ಶುಚಿ' ಮಾಡುವ ಭರದಲ್ಲಿ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವ ತಂತ್ರಾಂಶಗಳಿವೆ. ಅಂಥದ್ದರ ಕೈಗೆ ಸಿಕ್ಕರೆ ರೈತ ಮಹಿಳೆ ಒಡೆದು ಒಬ್ಬ ಹೆಂಗಸು ಮತ್ತು ಒಂದು ತೆನೆಯಾಗುತ್ತಾಳೆ, 'ರ‍್ಯಾಂಕ್' ಅರ್ಕಾವತ್ತಿನ 'ರ್ಯಾಂಕ್' ಆಗುತ್ತದೆ. ಎರಡಕ್ಕೂ ಕೊಂಡಿ ಒಂದೇ ಆಗಿರುವುದರಿಂದ ನಮಗೆ ಒಂದು ಲಾಭವಿದೆ. ಎಮೋಜಿ ಒಡೆದರೆ ಜಗತ್ತಿನೆಲ್ಲೆಡೆಯ ಬಳಕೆದಾರರು ಗಲಾಟೆ ಮಾಡುತ್ತಾರೆ, ಕಂಪನಿಗಳು ಬೇಗ ಸರಿಪಡಿಸುತ್ತವೆ. ಆ ದುರಸ್ತಿಯ ನೆರಳಲ್ಲಿ ಕನ್ನಡದ ಒತ್ತಕ್ಷರವೂ ಉಳಿಯುತ್ತದೆ. ಎಮೋಜಿ ಭಾಷೆಯನ್ನು ಕೆಡಿಸಿತು ಎಂದು ಕೊರಗುವವರು ಈ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯ ಆಕ್ಷೇಪ ಅಧಿಕಾರದ್ದು. ಬರೆದವರು ಹಾಕಿದ ಗುರುತನ್ನು ತೆಗೆಯಲು ಅನುವಾದಕರು ಯಾರು? ಸಂಸ್ಥೆಯೊಂದು ತನ್ನ ಮಾತನ್ನೇ ಹಲವು ಭಾಷೆಗಳಲ್ಲಿ ಆಡಿಸುವಾಗ ಅನುವಾದಕರು ಅದರ ಪರವಾಗಿ ಮಾತಾಡುತ್ತಾರೆ, ಆದ್ದರಿಂದ ಬದಲಿಸಬಹುದು, ಬದಲಿಸಲೇಬೇಕು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಬರೆದದ್ದನ್ನು ತಿಳಿಸಿಕೊಡುವಾಗ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಗುರುತು ಇದ್ದಲ್ಲೇ ಇರಬೇಕು. ಕನ್ನಡದ 'ಬರಲ್ಲಪ್ಪ' ಎಂಬಲ್ಲಿನ 'ಅಪ್ಪ' ಇಂಗ್ಲಿಷಿಗೆ ದಾಟದೆ ಉಳಿಯುವ ಕಡೆ, ದನಿಯ ಪೂರ್ತಿ ಭಾರ ಪಕ್ಕದ 😂 ಮೇಲೆ ಬೀಳುವುದರಿಂದ, ಅದನ್ನು ಕೈಬಿಡುವುದು ಇನ್ನೂ ದೊಡ್ಡ ತಪ್ಪು. ಗುರುತಿನ ಜಾಗವೂ ಕೆಡಬಾರದು. ಕನ್ನಡದಲ್ಲಿ ಕ್ರಿಯಾಪದಕ್ಕೆ ಅಂಟಿ ಕೊನೆಯಲ್ಲಿದ್ದ ನಗು, ಪದಗಳ ಕ್ರಮ ತಿರುಗಿದಾಗ ಮದುವೆಗೆ ಅಂಟಿಕೊಂಡರೆ ಮದುವೆಯನ್ನೇ ಗೇಲಿ ಮಾಡಿದಂತಾಗುತ್ತದೆ.

ಗುರುತೊಂದರ ಅರ್ಥದ ಜಗಳ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ನ್ಯಾಯಾಲಯಗಳ ತೀರ್ಪು ಸಾಕು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆಬೀಜದ ಕರಾರಿನ ಫೋಟೋ ಕಳಿಸಿ ಖಚಿತಪಡಿಸಿ ಎಂದು ಕೇಳಿತು. ರೈತ 👍 ಕಳಿಸಿದ, ಬೀಜ ಕಳಿಸಲಿಲ್ಲ. ಕರಾರು ತಲುಪಿತು ಎಂದಷ್ಟೇ ನನ್ನ ಅರ್ಥ ಎಂದು ಆತ ವಾದಿಸಿದ. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿಗೆಯ ಸಹಿ ಎಂದೇ ಪರಿಗಣಿಸಿ ಸುಮಾರು 82,000 ಕೆನಡಾ ಡಾಲರ್ ಪರಿಹಾರ ಕೊಡಿಸಿತು. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ರೈಲ್ವೆ ರಕ್ಷಣಾ ದಳದ ಕಾನ್‌ಸ್ಟೆಬಲ್ ಒಬ್ಬರ ಪ್ರಕರಣವಿತ್ತು. ಅಧಿಕಾರಿಯೊಬ್ಬರ ಕೊಲೆಯ ಕುರಿತ ವಾಟ್ಸಾಪ್ ಸಂದೇಶಕ್ಕೆ 👍 ಹಾಕಿದ್ದಕ್ಕೆ, ಅದು ಕೊಲೆಯ ಸಂಭ್ರಮಾಚರಣೆ ಎಂದು ಅವರನ್ನು ಕೆಲಸದಿಂದ ತೆಗೆಯಲಾಗಿತ್ತು. ಅದು ಸಂದೇಶ ನೋಡಿದೆ ಎಂಬ 'ಓಕೆ' ಇರಬಹುದು ಎಂದು ಹೇಳಿ ನ್ಯಾಯಾಲಯ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿದ ಆದೇಶವನ್ನು ಎತ್ತಿಹಿಡಿಯಿತು. ಒಂದೇ ಹೆಬ್ಬೆರಳು ಅಲ್ಲಿ ಸಹಿ, ಇಲ್ಲಿ ಬರೀ ರಸೀದಿ. ಕೆನಡಾದ ತೀರ್ಪಿಗೆ ಬಲ ಬಂದದ್ದು ಚಿತ್ರದಿಂದಲ್ಲ. ಅದೇ ರೈತ ಹಿಂದಿನ ಹಲವು ಕರಾರುಗಳಿಗೆ ಚುಟುಕು ಮಾತಿನಲ್ಲಿ ಹೂಂಗುಟ್ಟಿ ಮಾಲು ಕಳಿಸಿದ್ದ ಎಂಬ ದಾಖಲೆಯಿಂದ. ಹಾಗಾಗಿ ಇಂಥ ಕನ್ನಡ ಸಂದೇಶಗಳನ್ನು ಕೋರ್ಟಿಗೆಂದು ಇಂಗ್ಲಿಷಿಗೆ ತರುವವರು 👍 ಇದ್ದ ಕಡೆ 'ಒಪ್ಪಿದೆ' ಎಂದಾಗಲಿ 'ನೋಡಿದೆ' ಎಂದಾಗಲಿ ಬರೆಯಬಾರದು, ಅದು ನ್ಯಾಯಾಧೀಶರು ನಿರ್ಧರಿಸಬೇಕಾದ ಸಂಗತಿ. ಚಿತ್ರವನ್ನು ಇದ್ದಂತೆ ಇಟ್ಟು, ಅದರ ಯೂನಿಕೋಡ್ ಹೆಸರು, ಯಾವ ಫೋನಿನಲ್ಲಿ ಹೇಗೆ ಕಂಡಿತ್ತು, ಯಾವ ಸಂದೇಶಕ್ಕೆ ಉತ್ತರವಾಗಿ ಎಷ್ಟು ಹೊತ್ತಿಗೆ ಬಂದಿತ್ತು ಎಂಬುದನ್ನು ಬರೆಯಬೇಕು. ಅದೇ ಇಬ್ಬರ ನಡುವಿನ ಹಿಂದಿನ ಸಂದೇಶಗಳನ್ನೂ ಅದರ ಜೊತೆಗೇ ಲಗತ್ತಿಸಬೇಕು.